ಹುಳುವಿಲ್ಲದ 15 ಗಿಡಗಳು ಎಲ್ಲಿಂದ ಬಂದವು?

> "ಗಿಡಕ್ಕೆ ಸರಾಸರಿ 2 ಮೊಟ್ಟೆ ಗುಂಪು, ಗುಂಪಿಗೆ ಸರಾಸರಿ 3 ಮರಿಹುಳು. ಎರಡೂ ಪಾಯ್ಸಾನ್‌ಗೆ ಚೆನ್ನಾಗಿ ಕೂರುತ್ತವೆ. ಹಾಗಾಗಿ ಗಿಡದ ಹುಳುಗಳಿಗೆ ಸರಾಸರಿ 6ರ ಪಾಯ್ಸಾನ್ ಹಾಕಿದೆ. ಅದರ ಪ್ರಕಾರ ಹುಳು ಇಲ್ಲದ ಗಿಡ 400ಕ್ಕೆ ಒಂದು. ನನಗೆ 100 ಗಿಡದಲ್ಲಿ 15 ಸಿಕ್ಕಿವೆ. ಎಲ್ಲಿ ತಪ್ಪಿದೆ?"

ನಿಮ್ಮ ಎಣಿಕೆ ಸರಿಯಾಗಿದೆ, 6 ಅನ್ನೋ ಸರಾಸರಿಯೂ ಸರಿ. ತಪ್ಪಿದ್ದು ಪಾಯ್ಸಾನ್ ಹಾಕಿದ ಜಾಗದಲ್ಲಿ. ಸರಾಸರಿ 6ರ ಪಾಯ್ಸಾನ್ ಬರೋದು ಪ್ರತಿ ಗಿಡದಲ್ಲೂ ಸರಿಯಾಗಿ ಎರಡೇ ಗುಂಪು ಇದ್ದರೆ. ನಿಮ್ಮ ತೋಟದಲ್ಲಿ ಒಂದು ಗಿಡಕ್ಕೆ ನಾಲ್ಕು ಗುಂಪು, ಪಕ್ಕದ ಗಿಡಕ್ಕೆ ಒಂದೂ ಇಲ್ಲ. ಆ ಏರುಪೇರನ್ನು ನೀವು "2" ಅಂತ ಒಂದೇ ಅಂಕಿ ಮಾಡಿಬಿಟ್ಟಿರಿ.

ಪ್ರಾಬಬಿಲಿಟಿ ಜನರೇಟಿಂಗ್ ಫಂಕ್ಷನ್ ಇಲ್ಲಿ ತುಂಬಾ ಸಲೀಸು. ಒಂದು ಗುಂಪಿನ ಹುಳುಗಳದ್ದು `G_X(s)` ಅನ್ನಿ. ಅದನ್ನು ಒಂದು ಪಟ್ಟಿ ಅಂತ ನೋಡಿ: 0 ಹುಳು ಬರುವ ಸಂಭವ, 1 ಬರುವುದರ ಮುಂದೆ s, 2 ಬರುವುದರ ಮುಂದೆ s². ಎರಡು ಗುಂಪಿನ ಹುಳುಗಳನ್ನು ಕೂಡಿಸಬೇಕಾದರೆ ಈ ಪಟ್ಟಿಯನ್ನು ಅದರಿಂದಲೇ ಗುಣಿಸಿದರೆ ಸಾಕು, ಘಾತಗಳು ತಾವಾಗಿ ಕೂಡಿಕೊಳ್ಳುತ್ತವೆ. n ಗುಂಪಾದರೆ n ಸಲ ಗುಣಿಸಿ. ಈಗ n ಎಷ್ಟು ಅಂತ ಗೊತ್ತಿಲ್ಲ, ಅಲ್ವಾ? ಪ್ರತಿ n ಬರುವ ಸಂಭವದಿಂದ ತೂಗಿ ಕೂಡಿಸಿ. ಹಾಗೆ ಕೂಡಿಸಿದಾಗ ಸಿಗುವುದು ಗುಂಪುಗಳ ಎಣಿಕೆಯ ಫಂಕ್ಷನ್ನೇ, s ಇದ್ದ ಜಾಗದಲ್ಲಿ `G_X(s)` ಕೂತಿರುತ್ತದೆ. ಗುಂಪುಗಳ ಎಣಿಕೆಯದು `G_N`, ಇಡೀ ಗಿಡದ ಹುಳುಗಳದ್ದು `H` ಅನ್ನಿ. ಸರಾಸರಿ m ಇರುವ ಪಾಯ್ಸಾನ್‌ಗೆ ಈ ಫಂಕ್ಷನ್ `e^(m(s-1))`:

```
H(s) = G_N( G_X(s) )
G_N(s) = e^(2(s-1)),  G_X(s) = e^(3(s-1))
H(s) = e^( 2( e^(3(s-1)) - 1 ) )
```

ಹುಳು ಇಲ್ಲದ ಗಿಡ ಬೇಕೆಂದರೆ s = 0 ಹಾಕಿ. `e^(-3)` ಅಂದರೆ 0.0498. ಅದರಿಂದ 1 ಕಳೆದು 2ರಿಂದ ಗುಣಿಸಿದರೆ -1.9004. `e^(-1.9004)` = 0.1495. ನೂರಕ್ಕೆ 15, ನೀವು ಎಣಿಸಿದಷ್ಟೇ. ಇದರಲ್ಲಿ 13.5 ಗಿಡಕ್ಕೆ ಮೊಟ್ಟೆ ಗುಂಪೇ ಬಿದ್ದಿಲ್ಲ. ಉಳಿದ ಒಂದೂವರೆಯಷ್ಟು ಗಿಡಕ್ಕೆ ಗುಂಪು ಬಿದ್ದರೂ ಹುಳು ಬಂದಿಲ್ಲ.

ಸರಾಸರಿಗೆ H ಅನ್ನು ಡಿಫರೆನ್ಷಿಯೇಟ್ ಮಾಡಿ s = 1 ಹಾಕಿ. ಚೈನ್ ರೂಲ್ ಪ್ರಕಾರ `G_N'(G_X(1)) · G_X'(1)`. `G_X(1)` ಯಾವಾಗಲೂ 1, ಯಾಕೆಂದರೆ ಪಟ್ಟಿಯ ಸಂಭವಗಳ ಮೊತ್ತ ಅದು. ಹಾಗಾಗಿ 2 × 3 = 6. ಇನ್ನೊಮ್ಮೆ ಡಿಫರೆನ್ಷಿಯೇಟ್ ಮಾಡಿ s = 1 ಹಾಕಿದರೆ 54, ಅದಕ್ಕೆ ಸರಾಸರಿ 6 ಕೂಡಿಸಿ 6² ಕಳೆದರೆ ವೇರಿಯನ್ಸ್ 24 ಬರುತ್ತದೆ: ಗುಂಪಿನ ಒಳಗಿನ ಏರುಪೇರಿನಿಂದ 2 × 3 = 6, ಗುಂಪುಗಳ ಎಣಿಕೆಯ ಏರುಪೇರಿನಿಂದ 2 × 3² = 18. ನಿಮ್ಮ ಪಾಯ್ಸಾನ್‌ನಲ್ಲಿ ಆ 18 ಪೂರ್ತಿ ಬಿಟ್ಟುಹೋಗಿತ್ತು.

ಇಲ್ಲಿ ಒಂದು ಕಡೆ ಜೋಪಾನ. ಒಳಗೆ ಹಾಕಬೇಕಾದ್ದು ಒಂದು ಗುಂಪಿನ ಫಂಕ್ಷನ್, ಹೊರಗೆ ಗುಂಪುಗಳ ಎಣಿಕೆಯದು. ನಾನು ಮೊದಲ ಸಲ ಇದನ್ನು ತಿರುಗಾಮುರುಗಾ ಹಾಕಿದ್ದೆ. ಸರಾಸರಿ 6 ಬಂತು ಅಂತ ಸರಿಯಿದೆ ಅಂದುಕೊಂಡೆ. ತಿರುಗಿಸಿದರೂ ಗುಣಾಕಾರ ಅದೇ ತಾನೇ! ಆದರೆ ಸೊನ್ನೆಯ ಉತ್ತರ 0.075, ಅಂದರೆ ಸರಿಯಾದ ಉತ್ತರದ ಅರ್ಧ. ಅದಕ್ಕೇ ಸರಾಸರಿಯಿಂದ ತಾಳೆ ನೋಡಬೇಡಿ, s = 0 ಹಾಕಿ ನೋಡಿ.

ಉಳಿದ ಎಣಿಕೆಗಳ ಸಂಭವಕ್ಕೆ H ಅನ್ನು ಮತ್ತೆ ಮತ್ತೆ ಡಿಫರೆನ್ಷಿಯೇಟ್ ಮಾಡುತ್ತಾ ಕೂರಬೇಕಿಲ್ಲ. ಒಂದೇ ಸಲ ಮಾಡಿ, ಎರಡೂ ಕಡೆ s ಘಾತಗಳನ್ನು ಹೊಂದಿಸಿದರೆ ಹಿಂದಿನ ಉತ್ತರಗಳಿಂದ ಮುಂದಿನದನ್ನು ತೆಗೆಯುವ ದಾರಿ ಸಿಗುತ್ತದೆ:

```python
from math import exp, factorial
lam, mu = 2, 3
f = [exp(-mu)*mu**k/factorial(k) for k in range(41)]
p = [exp(lam*(f[0]-1))]
for n in range(1, 41):
    p.append(lam/n*sum(j*f[j]*p[n-j] for j in range(1, n+1)))
print(p[:5])
```

0, 1, 2, 3, 4 ಹುಳುಗಳಿಗೆ 0.150, 0.045, 0.074, 0.088, 0.088 ಬರುತ್ತದೆ. ಆ ಗುಂಡಿ ನೋಡಿ! ಸೊನ್ನೆ ಹುಳುವಿನ ಗಿಡ 15, ಒಂದೇ ಹುಳುವಿನ ಗಿಡ ನಾಲ್ಕೈದು, ಮತ್ತೆ ಏರುತ್ತದೆ. ಒಂದು ಗುಂಪು ಬಿದ್ದರೆ ಹುಳು ಬರುವುದು ಎರಡು ಮೂರರ ಲೆಕ್ಕದಲ್ಲಿ, ಒಂಟಿಯಾಗಿ ಕಡಿಮೆ. ಗಿಡದ ಬುಡದಲ್ಲಿ ಕೂತು ಎಣಿಸಿದವರಿಗೆ ಇದು ಕಣ್ಣಿಗೆ ಕಂಡಿರುತ್ತದೆ. ಸಂಖ್ಯಾಶಾಸ್ತ್ರಜ್ಞ ಯೆರ್ಜಿ ನೇಯ್ಮನ್ 1939ರಲ್ಲಿ ಈ ಡಿಸ್ಟ್ರಿಬ್ಯೂಶನ್ ಕಟ್ಟಿದ್ದೂ ಹೊಲದಲ್ಲಿ ಮೊಟ್ಟೆ ಗುಂಪಿನಿಂದ ಹರಡುವ ಮರಿಹುಳುಗಳ ಎಣಿಕೆಗೇ.

ಮೇಲೆ ಒಬ್ಬರು "ಸುಮ್ನೆ ನೆಗೆಟಿವ್ ಬೈನಾಮಿಯಲ್ ಹಾಕಿ, ಹುಳುಗಳ ಎಣಿಕೆಗೆ ಅದೇ ಸರಿ" ಅಂದಿದ್ದಾರೆ. ಅರ್ಧ ಸರಿ. ಅದೂ ಗುಂಪುಗಳ ಮೊತ್ತವೇ, ಗುಂಪಿನ ಗಾತ್ರ ಲಾಗರಿತ್‌ಮಿಕ್ ಆಗಿದ್ದರೆ. ಸರಾಸರಿ 6, ವೇರಿಯನ್ಸ್ 24 ಇಟ್ಟು ಅದನ್ನು ಹಾಕಿದರೆ ಸೊನ್ನೆಗೆ 0.0625, ಒಂದಕ್ಕೆ 0.094. ಗುಂಡಿ ಮಾಯ. ಸರಾಸರಿ, ವೇರಿಯನ್ಸ್ ಎರಡೂ ಒಂದೇ ಆದರೂ ಆಕಾರ ಬೇರೆ. ನಿಮ್ಮ ಗುಂಪಿನ ಗಾತ್ರ ಪಾಯ್ಸಾನ್‌ಗೆ ಕೂರುತ್ತಿದ್ದರೆ ಅದು ಹೊಂದುವುದಿಲ್ಲ.

ಟ್ರೇಯಲ್ಲಿ ಬೀಜ ಹಾಕುವ ಅಕ್ಕ, ಎಷ್ಟು ಬೀಜ ಮೊಳೆಯುತ್ತವೆ ಅನ್ನೋದಕ್ಕೂ ಇದೇ ಲೆಕ್ಕವಾ ಅಂತ ಕೇಳಿದ್ದಾರೆ. ಅದು ಬೇರೆ ವಿಷಯ. 50 ಗುಳಿ, ಗುಳಿಗೊಂದು ಬೀಜ ಅಂದರೆ N ಗೊತ್ತಿರುವ ಅಂಕಿ, ಬದಲಾಗುವುದಿಲ್ಲ. `G_N(s) = s^50`, ಒಂದು ಬೀಜ ಮೊಳೆಯುವ ಸಂಭವ q ಆದರೆ ಒಳಗೆ `1-q+qs` ಹಾಕಿದಾಗ ಬೈನಾಮಿಯಲ್. ಗುಳಿಗೆ ಬೀಳುವ ಬೀಜಗಳ ಎಣಿಕೆಯೇ ಬದಲಾಗುತ್ತಿದ್ದರೆ ಮಾತ್ರ ಈ ಲೆಕ್ಕ ಬೇಕಾಗುತ್ತದೆ.

ಈಗ ನಿಮ್ಮ ಎಣಿಕೆಯ ಬಗ್ಗೆ ಎರಡು ಮಾತು. ಹುಳು ಬಾರದ ಗುಂಪುಗಳನ್ನೂ ನೀವು ಎಣಿಸಿದ್ದೀರಾ? ಎಣಿಸದೆ ಇದ್ದರೂ ಪರವಾಗಿಲ್ಲ, ಆದರೆ ಎರಡೂ ಕಡೆ ಒಂದೇ ಪದ್ಧತಿ ಇರಬೇಕು. ಹುಳು ಬಂದ ಗುಂಪುಗಳಷ್ಟೇ ಅಂದರೆ ಗಿಡಕ್ಕೆ 1.90 ಗುಂಪು, ಗುಂಪಿಗೆ 3.16 ಹುಳು. ಗುಣಿಸಿದರೆ ಮತ್ತೆ 6, ಸೊನ್ನೆಯ ಉತ್ತರವೂ ಅದೇ 0.1495. ಎಲ್ಲ ಗುಂಪುಗಳ 2 ಮತ್ತು ಹುಳು ಬಂದ ಗುಂಪುಗಳ 3.16 ಅಂತ ಬೆರೆಸಿದರೆ 6.3 ಆಗಿ ಲೆಕ್ಕ ಕೆಡುತ್ತದೆ.

ಎರಡನೆಯದು ಇನ್ನೂ ದೊಡ್ಡದು. ಗುಂಪುಗಳ ಎಣಿಕೆಗೂ ಗುಂಪಿನ ಗಾತ್ರಕ್ಕೂ ಸಂಬಂಧ ಇರಬಾರದು, ಗುಂಪುಗಳಿಗೂ ತಮ್ಮೊಳಗೆ ಸಂಬಂಧ ಇರಬಾರದು. ಹಚ್ಚಹಸಿರು ಗಿಡಕ್ಕೆ ಗುಂಪೂ ಜಾಸ್ತಿ, ಪ್ರತಿ ಗುಂಪಿನಿಂದ ಹುಳುವೂ ಜಾಸ್ತಿ ಅನ್ನುವಂತಿದ್ದರೆ ಸರಾಸರಿ ಕೂಡ 6 ಆಗದೆ ಇರಬಹುದು. 1 ಗುಂಪಿನ ಗಿಡ, 2 ಗುಂಪಿನ ಗಿಡ, 3 ಗುಂಪಿನ ಗಿಡ ಅಂತ ಬೇರೆ ಮಾಡಿ, ಪ್ರತಿಯೊಂದರಲ್ಲೂ ಗುಂಪಿಗೆ ಎಷ್ಟು ಹುಳು ಅಂತ ನೋಡಿ. ಮೂರರಲ್ಲೂ 3ರ ಆಸುಪಾಸು ಬಂದರೆ ಸರಾಸರಿಯ ಮಟ್ಟಿಗೆ ಭಯವಿಲ್ಲ. ಹುಳು ಬೆಳೆದು ಪಕ್ಕದ ಗಿಡಕ್ಕೆ ಹರಿದಾಡುವ ಮೊದಲೇ ಎಣಿಸಿದ್ದೀರಾ ಅನ್ನೋದೂ ಮುಖ್ಯ. ಹರಿದಾಡಿದ ಮೇಲೆ ಸೊನ್ನೆಯ ಗಿಡ ಕಡಿಮೆಯಾಗುತ್ತದೆ, ಗುಂಡಿ ತುಂಬಿಕೊಳ್ಳುತ್ತದೆ.

15 ಅನ್ನೋ ಒಂದು ಅಂಕಿಯಿಂದ ಮಾತ್ರ ಇದು ಪಕ್ಕಾ ಆಗುವುದಿಲ್ಲ. 100 ಗಿಡದಲ್ಲಿ ಸುಮ್ನೆ ಅದೃಷ್ಟದಿಂದಲೇ ನಾಲ್ಕು ಆಚೀಚೆ ಆಗಬಹುದು. ಒಂದೇ ಹುಳು ಇದ್ದ ಗಿಡ ಎಷ್ಟಿತ್ತು ಅಂತ ನಿಮ್ಮ ಪುಸ್ತಕ ನೋಡಿ ಹೇಳಿ. ನಾಲ್ಕೈದು ಆಗಿದ್ದರೆ ಮುಂದೆ ಹೋಗೋಣ. ಒಂಬತ್ತು ಹತ್ತು ಆಗಿದ್ದರೆ ಗುಂಪಿನ ಗಾತ್ರವನ್ನು ಮತ್ತೊಮ್ಮೆ ನೋಡಬೇಕು.