ವರಮಹಾಲಕ್ಷ್ಮಿಗೆ ಎಷ್ಟು ಮುಖವಾಡ ತರಿಸಬೇಕು?

ತುಮಕೂರಿನಿಂದ ಆನ್‌ಲೈನಲ್ಲಿ ಲಕ್ಷ್ಮಿ ಮುಖವಾಡ ಮಾರ್ತೀನಿ. ಹಬ್ಬಕ್ಕೆ 300 ಒಟ್ಟಿಗೇ ತರಿಸಿಬಿಡಲಾ?

ಬೇಡ, ಮೊದಲು 180 ತರಿಸಿ. ಒಂದಕ್ಕೆ 400 ರೂಪಾಯಿ ಅಂದರೂ 300ಕ್ಕೆ 1,20,000 ಸಿಕ್ಕಿಕೊಳ್ಳುತ್ತೆ. ಶುಕ್ರವಾರ ಹಬ್ಬ ಮುಗಿದರೆ ಶನಿವಾರ ಕೇಳೋರಿಲ್ಲ, ಮಿಕ್ಕಿದ್ದು ಮುಂದಿನ ಶ್ರಾವಣದವರೆಗೆ ಅಟ್ಟದ ಮೇಲೆ. ಭೀಮನ ಅಮಾವಾಸ್ಯೆ ಹೊತ್ತಿಗೆ 90 ಹೋಗಿದ್ದರೆ ಮಾತ್ರ ಉಳಿದ 120ಕ್ಕೆ ಹೇಳಿ. ಬೆಂಗಳೂರಿನ ಹೋಲ್‌ಸೇಲ್‌ನವರ ಹತ್ತಿರ ಮೊದಲೇ ಮಾತಾಡಿಟ್ಟಿರಿ.

ಅಲಂಕಾರ ಗುರುವಾರ ರಾತ್ರಿಯೇ ಶುರು, ಹಾಗಾಗಿ ಮಾಲು ಬುಧವಾರ ಕೈಸೇರಬೇಕು. ಕೊರಿಯರ್ ಐದು ದಿನ ಹಿಡಿಯುವ ಊರಿಗೆ ಹಿಂದಿನ ಗುರುವಾರ, ಬೆಂಗಳೂರಿಗೆ ಸೋಮವಾರ ಆರ್ಡರ್ ನಿಲ್ಲಿಸಿ. ಕೊನೆ ವಾರ ಕ್ಯಾಶ್ ಆನ್ ಡೆಲಿವರಿ ಮುಚ್ಚಿಬಿಡಿ. ತಡವಾದ ಪಾರ್ಸೆಲ್ಲನ್ನು ಜನ ಬೇಡ ಅಂತಾರೆ, ಹೋಗಿಬಂದ ಖರ್ಚು ನಮ್ಮ ತಲೆಗೆ. ನನಗೆ ಒಮ್ಮೆ ಹೀಗೇ 22 ವಾಪಸ್ ಬಂದಿದ್ದವು.