ಕೈಮಗ್ಗದ ಹತ್ತಿ ಸೀರೆಗೆ ಆಕರ್ಷಕ ಶೀರ್ಷಿಕೆ ಬೇಡ

ಪ್ರಶ್ನೆ: ನಾನು ಸಣ್ಣ ನೇಕಾರ. ನನ್ನ ಕೈಮಗ್ಗದ ಹತ್ತಿ ಸೀರೆಯನ್ನು ಆನ್‌ಲೈನ್‌ನಲ್ಲಿ ಮಾರಲು ಆಕರ್ಷಕವಾದ ಶೀರ್ಷಿಕೆ, ವಿವರಣೆ ಹೇಗೆ ಬರೆಯಲಿ?

ಉತ್ತರ: ನನ್ನ ಮೊದಲ ಶೀರ್ಷಿಕೆ ಹೀಗಿತ್ತು: ‘ಶುದ್ಧ ಹತ್ತಿಯ ಸಾಂಪ್ರದಾಯಿಕ ಇಳಕಲ್ ಸೀರೆ, ಮನಮೋಹಕ ವಿನ್ಯಾಸ’. ಅಣ್ಣನ ಮಗ್ಗ ಇಳಕಲ್ಲಿನಲ್ಲಿದೆ. ಬೆಂಗಳೂರಿನ ವಿಜಯನಗರದ ಮನೆಯಿಂದ ನಾನು ಮಾರುತ್ತೇನೆ. ಒಡಲು ಹತ್ತಿಯದು, ಸೆರಗು ರೇಷ್ಮೆಯದು. ಮನೆಯಲ್ಲಿ ಎಲ್ಲರೂ ಅದನ್ನು ಹತ್ತಿ ಇಳಕಲ್ ಎಂದೇ ಕರೆಯುತ್ತಿದ್ದರು. ರೇಷ್ಮೆ ಸೆರಗಿದ್ದರೂ ಒಡಲಿನ ನೂಲೇ ಸೀರೆಗೆ ಹೆಸರು ಎಂಬುದು ಅಣ್ಣನ ವಾದ, ನನಗೂ ಅದರಲ್ಲಿ ತಪ್ಪು ಕಾಣಲಿಲ್ಲ.

ಕೊಂಡವರು ಬಯಲುಸೀಮೆಯವರಲ್ಲ, ಇಳಕಲ್ ಸೀರೆಯನ್ನು ಹಿಂದೆ ಉಟ್ಟವರೂ ಅಲ್ಲ. ‘ಶುದ್ಧ ಹತ್ತಿ’ ಎಂದು ಓದಿದ್ದರಿಂದ ಹತ್ತಿಯನ್ನು ಒಗೆಯುವಂತೆಯೇ ಒಗೆದರು: ಬಿಸಿನೀರು, ಡಿಟರ್ಜೆಂಟ್ ಪುಡಿ, ರಾತ್ರಿಯಿಡೀ ನೆನೆಸುವುದು. ಇಳಕಲ್ಲಿನ ಸೆರಗು ಕೆಂಪು. ಅದರ ಮೇಲೆ ಜೋಳದ ತೆನೆಯಂಥ ಬಿಳಿ ಚಿತ್ತಾರ. ಕೆಂಪು ರೇಷ್ಮೆ ಬಣ್ಣ ಬಿಟ್ಟು ಬಿಳಿಯೆಲ್ಲ ಗುಲಾಬಿಯಾಯಿತು. ‘ವಿವರಣೆಗೆ ಹೊಂದುತ್ತಿಲ್ಲ’ ಎಂದು ದೂರು ಬಂತು. ಒಗೆದವರ ತಪ್ಪು ಎಂದು ನಾನು ಜಗಳ ಮಾಡಿದೆ, ಆನ್‌ಲೈನ್ ಮಾರುಕಟ್ಟೆಯವರು ಶೀರ್ಷಿಕೆಯನ್ನಷ್ಟೇ ನೋಡಿದರು. ಪೂರ್ತಿ ಹಣ ಹಿಂದಿರುಗಿಸಿದೆ, ಎರಡೂ ಕಡೆಯ ಸಾಗಣೆ ವೆಚ್ಚವೂ ನನ್ನದೇ, ಕೈಗೆ ಬಂದದ್ದು ಹಾಳಾದ ಸೀರೆ. ಕೊಂಡವರು ಹೇಳಿದ್ದು ಸರಿ. ದುಬಾರಿ ರೇಷ್ಮೆ ಕೊಟ್ಟೆ ಎಂಬ ನನ್ನ ಸಮಾಧಾನದಿಂದ ಅವರಿಗೇನೂ ಆಗಬೇಕಾಗಿರಲಿಲ್ಲ. ಒಗೆಯುವ ವಿಧಾನವನ್ನು ಸೀರೆಯ ಅತಿ ನಾಜೂಕಿನ ನೂಲು ನಿರ್ಧರಿಸುತ್ತದೆ. ಆ ನೂಲನ್ನೇ ನಾನು ಬಚ್ಚಿಟ್ಟಿದ್ದೆ.

ಹಾಗಾಗಿ ನಿಮ್ಮ ಪ್ರಶ್ನೆಯ ‘ಆಕರ್ಷಕ’ ಎಂಬ ಪದವನ್ನೇ ಬಿಡಿ. ಮನಮೋಹಕ, ರಾಜವೈಭವ, ಪಾರಂಪರಿಕ ಎಂಬವನ್ನು ಹುಡುಕಾಟದ ಚೌಕದಲ್ಲಿ ಯಾರೂ ಟೈಪ್ ಮಾಡುವುದಿಲ್ಲ. ಮೊಬೈಲಿನಲ್ಲಿ ಶೀರ್ಷಿಕೆಯ ಮೊದಲ ಕೆಲವು ಪದಗಳಷ್ಟೇ ಕಾಣುತ್ತವೆ, ಉಳಿದದ್ದು ಚುಕ್ಕಿಗಳಾಗುತ್ತದೆ. ಆ ಜಾಗದಲ್ಲಿ ವಸ್ತು ಯಾವುದು, ನೂಲು ಯಾವುದು, ಬಣ್ಣ ಯಾವುದು ಎಂಬುದು ಬರಬೇಕು. ನಾನು ಈಗ ಬರೆಯುವುದು ಹೀಗೆ: ‘ಇಳಕಲ್ ಕೈಮಗ್ಗದ ಸೀರೆ, ಹತ್ತಿ ಒಡಲು, ರೇಷ್ಮೆ ಸೆರಗು, ದಾಳಿಂಬೆ ಕೆಂಪು, ಗೋಮಿ ದಡಿ, ರವಿಕೆ ಬಟ್ಟೆ ಇಲ್ಲ’. ಕೊನೆಯ ಮೂರು ಪದ ಮಾರಾಟ ಕೆಡಿಸುತ್ತವೆ ಎಂದು ತಂಗಿ ರೇಗುತ್ತಾಳೆ. ರವಿಕೆ ಬಟ್ಟೆ ಬೇಕಾದವರು ಕೊಳ್ಳದೆ ಹೋಗಲಿ, ಕೊಂಡು ವಾಪಸು ಕಳಿಸುವುದಕ್ಕಿಂತ ಅದು ಅಗ್ಗ.

ನಿಮ್ಮದು ಪೂರ್ತಿ ಹತ್ತಿಯೇ ಎಂದು ಮೊದಲು ಖಚಿತಪಡಿಸಿಕೊಳ್ಳಿ. ಒಡಲು ಬಿಡಿ, ಅಂಚಿನ ನೂಲು ಮತ್ತು ಜರಿ ನೋಡಿ. ಅಂಚಿನಿಂದ ಒಂದು ಎಳೆ ತೆಗೆದು ಚಿಮುಟದಲ್ಲಿ ಹಿಡಿದು ಸುಡಿ. ಹತ್ತಿ ಕಾಗದದಂತೆ ಉರಿದು ಮೃದುವಾದ ಬೂದಿಯಾಗುತ್ತದೆ. ರೇಷ್ಮೆ ಸುಟ್ಟ ಕೂದಲಿನ ವಾಸನೆ ಕೊಡುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಆದರೆ ಕೃತಕ ರೇಷ್ಮೆಯೆಂದು ಮಾರುವ ರೇಯಾನ್ ಸಹ ಹತ್ತಿಯಂತೆಯೇ ಉರಿಯುತ್ತದೆ, ಅದನ್ನು ಬೆಂಕಿಯಿಂದ ಗುರುತಿಸಲಾಗದು. ನೂಲು ಕೊಟ್ಟವರ ರಸೀದಿಯಲ್ಲಿ ಏನು ಬರೆದಿದೆ ಎಂದು ನೋಡಿ, ಇಲ್ಲವಾದರೆ ಬರೆಸಿಕೊಳ್ಳಿ.

ವಿವರಣೆಯಲ್ಲಿ ಒಡಲು, ಅಂಚು, ಸೆರಗು ಮೂರನ್ನೂ ಬೇರೆಬೇರೆಯಾಗಿ ಹೇಳಿ. ಉದ್ದವನ್ನು ‘ಸುಮಾರು’ ಎಂದು ಬರೆಯಬೇಡಿ. ಎಳೆಯದೆ ನೆಲಕ್ಕೆ ಹಾಸಿ ಟೇಪಿನಿಂದ ಅಳೆಯಿರಿ. ಸಾಮಾನ್ಯವಾಗಿ ಸೀರೆ 5.5 ಮೀಟರ್, ರವಿಕೆ ಬಟ್ಟೆ ಇದ್ದರೆ ಇನ್ನೊಂದು 80 ಸೆಂಟಿಮೀಟರ್. ಅದೇ ಹಾಸಿನ ಹತ್ತು ಸೀರೆ ಇದ್ದರೆ ಎಲ್ಲಕ್ಕಿಂತ ಕಡಿಮೆ ಬಂದದ್ದನ್ನು ಬರೆಯಿರಿ. ಒಗೆಯುವುದರ ಬಗ್ಗೆ: ಮೊದಲ ಸಲ ತಣ್ಣೀರಿನಲ್ಲಿ ಬೇರೆಯಾಗಿ ಒಗೆಯಿರಿ, ಹತ್ತಿ ಸ್ವಲ್ಪ ಕುಗ್ಗುತ್ತದೆ ಎಂದು ನೇರವಾಗಿ ಹೇಳಿ. ಬರೆಯುವ ಮೊದಲು ನಿಮ್ಮ ಬಣ್ಣ ನಿಲ್ಲುತ್ತದೆಯೇ ಎಂದು ನೋಡಿ: ಒದ್ದೆ ಬಿಳಿ ಬಟ್ಟೆಯನ್ನು ಸೀರೆಯ ಮೂಲೆಗೆ ಒತ್ತಿ ಉಜ್ಜಿದರೆ ಗೊತ್ತಾಗುತ್ತದೆ.

ಇನ್ನೊಂದು. ಅಂಚಿನ ಉದ್ದಕ್ಕೂ ಇರುವ ಸಣ್ಣ ಸೂಜಿ ತೂತುಗಳನ್ನು ನೋಡಿ ಹರಿದಿದೆ ಎನ್ನುವವರಿದ್ದಾರೆ. ನೇಯುವಾಗ ಬಟ್ಟೆಯ ಅಗಲ ಕುಗ್ಗದಂತೆ ಎರಡೂ ಅಂಚಿಗೆ ಚುಚ್ಚುವ ಕೋಲಿನ ಗುರುತು ಅವು. ಹಾಸಿನ ಎಳೆ ಕಡಿದಲ್ಲಿ ಹಾಕಿದ ಗಂಟಿಗೂ ಇದೇ ಮಾತು. ‘ಕೈಮಗ್ಗದ ಸಹಜ ಗುಣ’ ಎಂದು ತೇಲಿಸಿಬಿಡಬೇಡಿ. ಹತ್ತಿರದಿಂದ ಫೋಟೋ ತೆಗೆದು, ತೂತು ಇಂಥ ಕಡೆ ಇರುತ್ತದೆ, ಗಂಟು ಹಿಂಬದಿಯಲ್ಲಿ ಇರುತ್ತದೆ ಎಂದು ಅದರ ಕೆಳಗೆ ಬರೆಯಿರಿ. ನನ್ನ ಪುಟದಲ್ಲಿ ಒಡಲಿಗೆ ಸೆರಗು ಸೇರುವ ಕೊಂಡಿಯ ಹಿಂಬದಿಯ ಫೋಟೋ ಇದೆ. ಬೇರೆ ಯಾವುದಕ್ಕಿಂತ ಅದರ ಬಗ್ಗೆಯೇ ಜನ ಹೆಚ್ಚು ಕೇಳುತ್ತಾರೆ.

ನಿಮ್ಮ ಅಂಚಿನ ನೂಲು, ಉದ್ದ, ಬಣ್ಣ ಇಲ್ಲಿ ಬರೆಯಿರಿ, ಶೀರ್ಷಿಕೆಯನ್ನು ಕೂತು ತಿದ್ದಿಕೊಡುತ್ತೇನೆ.