ಹೆಸರು ಹೇಳುವಾಗಲೇ ಮಾತು ನಿಂತರೆ

ನನಗೆ 27 ವರ್ಷ. ಪೀಣ್ಯದ ಒಂದು ವರ್ಕ್‌ಶಾಪ್‌ನಲ್ಲಿ ಲೋಹದ ಪಾರ್ಟ್ ಕೊರೆಯುವ ವಿಎಂಸಿ ಮಷೀನಿಗೆ ಪ್ರೋಗ್ರಾಂ ಬರೆಯುತ್ತೇನೆ. ಚಿಕ್ಕಂದಿನಿಂದಲೂ ಉಗ್ಗು. ನನ್ನ ಹೆಸರು ‘ಪ್ರ’ದಿಂದ ಶುರು, ಅದೇ ಬಾಯಿಂದ ಹೊರಡುವುದಿಲ್ಲ. ಒಳ್ಳೆಯ ಕಡೆ ಸೇರಬೇಕಾದರೆ ನಾಲ್ಕು ಜನರ ಪರಿಚಯ ಬೇಕು ಅಂತ ನಮ್ಮ ಸೀನಿಯರ್ ಇಮ್‌ಟೆಕ್ಸ್ ಎಂಬ ಮಷೀನುಗಳ ಮೇಳಕ್ಕೆ ಕಳಿಸಿದರು. ಒಂದು ಸ್ಟಾಲಿನಲ್ಲಿ ಇಂಜಿನಿಯರ್ ಒಬ್ಬರು ಹೆಸರು ಕೇಳಿದರು. ನಾನು ಬಾಯಿ ತೆರೆದುಕೊಂಡು ನಿಂತೇ ಇದ್ದೆ. ಅವರು ಕಾರ್ಡ್ ಕೊಟ್ಟು ಪಕ್ಕದವರ ಕಡೆ ತಿರುಗಿದರು. ಫೋನ್ ಮಾಡಿದರೆ ಎಲ್ಲರೂ ‘ಹಲೋ, ಹಲೋ’ ಅಂದು ಕಟ್ ಮಾಡುತ್ತಾರೆ. ಆ ಕಾರ್ಡ್ ಇನ್ನೂ ಪರ್ಸಿನಲ್ಲಿದೆ. ನನ್ನಂಥವನು ಪರಿಚಯ ಬೆಳೆಸುವುದು ಹೇಗೆ?
ಹೆಸರು ಬೇಡ, ಬೆಂಗಳೂರು

ನನಗೂ ಉಗ್ಗು ಇದೆ. ಒಮ್ಮೆ ಮದುವೆ ಮನೆಯಲ್ಲಿ ಹೆಸರು ಕೇಳಿದವರಿಗೆ ‘ರವಿ’ ಅಂದುಬಿಟ್ಟಿದ್ದೆ. ‘ರ’ ನನಗೆ ಸಲೀಸು. ಅವರು ನನ್ನ ಕೆಲಸಕ್ಕೆ ಬಹಳ ಬೇಕಾದವರು ಅಂತ ಊಟದ ಹೊತ್ತಿಗೆ ಗೊತ್ತಾಯಿತು. ಆಮೇಲೆ ಅವರಿಗೆ ಪತ್ರ ಬರೆಯೋಣ ಅಂದರೆ ಯಾವ ಹೆಸರಲ್ಲಿ ಬರೆಯಲಿ? ಆ ಪರಿಚಯ ಪಾಯಸದ ಜೊತೆಗೇ ಮುಗಿಯಿತು.

ಉಗ್ಗು ಇರುವ ಎಷ್ಟೋ ಜನಕ್ಕೆ ಹೆಸರೇ ದೊಡ್ಡ ತೊಡಕು. ಬೇರೆ ಮಾತಾದರೆ ಬದಲಿಸಬಹುದು. ‘ಕಾಫಿ’ ಬಾರದಿದ್ದರೆ ಟೀ ಕುಡಿದು ಬರುತ್ತೇವೆ, ಅಲ್ವಾ? ಹೆಸರಿಗೆ ಬದಲಿ ಇಲ್ಲ. ಜೊತೆಗೆ ಕೇಳಿದ ತಕ್ಷಣ ಹೇಳಬೇಕು. ನೀವು ಹೋದ ಮೇಳದಲ್ಲಿ ಈ ಎರಡೂ ಒಟ್ಟಿಗೇ ಇದ್ದವು. ಪಕ್ಕದಲ್ಲಿ ಇನ್ನೊಬ್ಬರು ಕಾಯುತ್ತಿದ್ದಾರೆ, ಮೊದಲ ಪ್ರಶ್ನೆಯೇ ಹೆಸರು. ಹಾಗಾಗಿ ನಾನು ಕ್ರಮವನ್ನೇ ತಿರುಗಿಸಿ ಎನ್ನುತ್ತೇನೆ. ನಿಮಗಿಂತ ಮೊದಲು ನಿಮ್ಮ ಹೆಸರು ಅಲ್ಲಿಗೆ ಹೋಗಲಿ, ಬರಹದಲ್ಲಿ.

ಆ ಕಾರ್ಡಿನಲ್ಲಿ ಇಮೇಲ್ ಇರುತ್ತದೆ, ಮೊಬೈಲ್ ನಂಬರೂ ಇರುತ್ತದೆ. ಬರೆಯುವಾಗ ಹೆಚ್ಚಿನವರು ಮಾಡುವ ತಪ್ಪು, ಬಯೋಡೇಟಾ ಅಂಟಿಸಿ ‘ಯಾವುದಾದರೂ ಕೆಲಸ ಇದ್ದರೆ ತಿಳಿಸಿ ಸರ್’ ಎನ್ನುವುದು. ಅದಕ್ಕೆ ಉತ್ತರ ಬರುವುದು ಅಪರೂಪ, ಯಾಕೆಂದರೆ ಓದಿದವರಿಗೆ ಹೇಳಲು ಏನೂ ಇರುವುದಿಲ್ಲ. ಅವರು ಎರಡು ನಿಮಿಷದಲ್ಲಿ ಉತ್ತರಿಸಬಹುದಾದ, ಕೆಲಸದ ಒಂದೇ ಒಂದು ಪ್ರಶ್ನೆ ಕೇಳಿ. ನಾನು ನಿಮ್ಮ ಜಾಗದಲ್ಲಿದ್ದರೆ ಹೀಗೆ ಬರೆದು, ಕೊನೆಗೆ ಹೆಸರು ಹಾಕುತ್ತಿದ್ದೆ:

‘ನಮಸ್ಕಾರ ಸರ್. ನಾನು ಪೀಣ್ಯದಲ್ಲಿ ವಿಎಂಸಿ ಪ್ರೋಗ್ರಾಮರ್. ಇಮ್‌ಟೆಕ್ಸ್‌ನಲ್ಲಿ ನಿಮ್ಮ ಕಾರ್ಡ್ ತೆಗೆದುಕೊಂಡಿದ್ದೆ. ಅವತ್ತು ನೀವು ಹೆಸರು ಕೇಳಿದಾಗ ಹೇಳಲು ಆಗದೆ ನಿಂತವನು ನಾನೇ. ನನಗೆ ಉಗ್ಗು ಇದೆ. ಕೇಳಬೇಕು ಅಂತಿದ್ದದ್ದು ಇದು: ತೆಳು ಗೋಡೆಯ ಅಲ್ಯೂಮಿನಿಯಂ ಪಾರ್ಟಿನಲ್ಲಿ ಕೊನೆಯ ಕಟಿಂಗ್‌ನಲ್ಲಿ ಚಾಟರ್ ಗುರುತು ಬೀಳುತ್ತಿದೆ. ಸ್ಪೀಡ್ ಇಳಿಸಿ ನೋಡಿದೆ, ಸಾಲಲಿಲ್ಲ. ನೀವಾದರೆ ಮೊದಲು ಟೂಲ್ ನೋಡುತ್ತೀರೋ, ಕ್ಲ್ಯಾಂಪಿಂಗೋ? ಪಾರ್ಟಿನ ಫೋಟೋ ಹಾಕಿದ್ದೇನೆ.’

ನಿಮ್ಮದು ಬೇರೆ ಸಮಸ್ಯೆಯಾಗಿದ್ದರೆ ಅದನ್ನು ಹಾಕಿ, ಆದರೆ ನಿಜವಾದದ್ದೇ ಇರಲಿ. ಫೋಟೋ ಕಳಿಸುವ ಮುಂಚೆ ನಿಮ್ಮ ಕಂಪನಿಯ ಗ್ರಾಹಕರ ಪಾರ್ಟ್ ಹೊರಗೆ ತೋರಿಸಬಹುದಾ ಅಂತ ಕೇಳಿಕೊಳ್ಳಿ. ಆಗದಿದ್ದರೆ ಕೈಯಲ್ಲಿ ಒಂದು ಚಿತ್ರ ಬರೆದು ಕಳಿಸಿದರೂ ನಡೆಯುತ್ತದೆ. ಉತ್ತರ ಬಂದರೆ ಅವರು ಹೇಳಿದ್ದನ್ನು ಮಾಡಿ ನೋಡಿ, ಏನಾಯಿತು ಅಂತ ಮತ್ತೆ ಬರೆಯಿರಿ. ಪರಿಚಯ ಗಟ್ಟಿಯಾಗುವುದು ಆ ಎರಡನೇ ಮೆಸೇಜಿನಲ್ಲಿ. ಅದನ್ನು ಬರೆಯುವವರು ಬಹಳ ಕಡಿಮೆ.

ಉಗ್ಗಿನ ವಿಷಯವನ್ನು ಹೇಗೆ ಹೇಳುತ್ತೀರಿ ಎನ್ನುವುದೂ ಮುಖ್ಯ. ‘ಸಾರಿ ಸರ್, ನನ್ನ ಮಾತು ಸರಿ ಇಲ್ಲ, ತಪ್ಪು ತಿಳ್ಕೋಬೇಡಿ’ ಅಂದರೆ ಕೇಳುವವರು ನಿಮಗೆ ಸಮಾಧಾನ ಹೇಳುವ ಕೆಲಸಕ್ಕೆ ಇಳಿಯುತ್ತಾರೆ. ಹಾಗಲ್ಲದೆ, ‘ನನಗೆ ಉಗ್ಗು ಇದೆ. ನಡುವೆ ಮಾತು ನಿಂತರೆ ಸ್ವಲ್ಪ ಕಾಯಿರಿ, ನಾನೇ ಮುಗಿಸ್ತೀನಿ’ ಅನ್ನಿ. ಏನಾಗುತ್ತಿದೆ ಅಂತಲೂ ಗೊತ್ತಾಯಿತು, ತಾವು ಏನು ಮಾಡಬೇಕು ಅಂತಲೂ ಗೊತ್ತಾಯಿತು. ಆ ಸ್ಟಾಲಿನ ಇಂಜಿನಿಯರ್ ತಿರುಗಿಕೊಂಡದ್ದು ತಿರಸ್ಕಾರದಿಂದ ಇರಲಿಕ್ಕಿಲ್ಲ. ನಿಮ್ಮ ಬಾಯಿ ತೆರೆದಿದೆ, ಶಬ್ದ ಇಲ್ಲ. ಅದು ಉಗ್ಗು ಅಂತ ಅವರಿಗೆ ಹೊಳೆಯದೇ ಹೋಗಿರಬಹುದು. ಉಗ್ಗು ಅಂದರೆ ‘ಪ-ಪ-ಪ’ ಅನ್ನುವುದು ಎಂದೇ ಜನ ತಿಳಿದಿರುತ್ತಾರೆ. ಮಾತು ಪೂರ್ತಿ ಕಟ್ಟಿಕೊಳ್ಳುವುದೂ ಉಗ್ಗೇ ಎಂದು ಗೊತ್ತಿಲ್ಲದವರು ಜಾಸ್ತಿ.

ಫೋನಿನಲ್ಲಿ ಎಲ್ಲರೂ ಕಟ್ ಮಾಡುವುದೂ ಇದೇ ಕಾರಣಕ್ಕೆ. ಅವರಿಗೆ ನಿಮ್ಮ ಮುಖ ಕಾಣುವುದಿಲ್ಲ, ಕೇಳುವುದು ಬರೀ ಮೌನ. ಲೈನ್ ಹೋಯಿತು ಅಂದುಕೊಳ್ಳುತ್ತಾರೆ. ಕರೆ ಮಾಡಲೇಬೇಕಾದಾಗ ಮೊದಲೇ ಮೆಸೇಜ್ ಹಾಕಿಬಿಡಿ: ‘4 ಗಂಟೆಗೆ ಫೋನ್ ಮಾಡುತ್ತೇನೆ. ಶುರುವಿನಲ್ಲಿ ಕೆಲವು ಸೆಕೆಂಡು ಶಬ್ದ ಬಾರದಿದ್ದರೂ ಇಡಬೇಡಿ.’ ನಾನು ವರ್ಷಗಳಿಂದ ಹೀಗೇ ಮಾಡುತ್ತಿದ್ದೇನೆ. ಆಮೇಲೂ ಇಟ್ಟವರು ಒಬ್ಬರೋ ಇಬ್ಬರೋ.

ಇನ್ನು ಮುಖಾಮುಖಿ. ಮೇಳಕ್ಕೆ ಮತ್ತೆ ಹೋಗಬೇಡಿ ಎನ್ನುವುದಿಲ್ಲ, ಆದರೆ ಹೋಗುವ ರೀತಿ ಬದಲಿಸಿ. ಬಾಗಿಲು ತೆರೆದ ಮೊದಲ ಒಂದು ಗಂಟೆಯೊಳಗೆ, ನೀವು ಮೊದಲೇ ಬರೆದು ಕೇಳಿದಾಗ ಒಪ್ಪಿಕೊಂಡ ಇಬ್ಬರನ್ನು ಮಾತ್ರ ನೋಡಿ. ಸುಮ್ನೆ ಹತ್ತು ಸ್ಟಾಲ್ ಸುತ್ತಿ ಚೀಲ ತುಂಬ ಬ್ರೋಷರ್ ತರುವುದರಲ್ಲಿ ಏನಿದೆ? ಮೇಳ ನಡೆಯುವ ಮಾದಾವರದ ಆ ದೊಡ್ಡ ಹಾಲ್‌ಗಳಲ್ಲಿ ಮಷೀನುಗಳ ಸದ್ದಿಗೆ ಎಲ್ಲರೂ ಗಂಟಲು ಎತ್ತರಿಸುತ್ತಾರೆ. ಗಟ್ಟಿಯಾಗಿ ಹೇಳಲು ಬಿಗಿಹಿಡಿದಷ್ಟೂ ನನ್ನ ಮಾತಂತೂ ಕಟ್ಟಿಕೊಳ್ಳುತ್ತದೆ. ಕೈಯಲ್ಲಿ ಒಂದು ಪಾರ್ಟ್ ಇರಲಿ. ಎದುರು ನಿಂತು ಮುಖ ನೋಡಿಕೊಳ್ಳುವುದಕ್ಕಿಂತ ಪಕ್ಕದಲ್ಲಿ ನಿಂತು ಇಬ್ಬರೂ ಆ ಪಾರ್ಟ್ ನೋಡುತ್ತಿದ್ದರೆ ನಿಮ್ಮ ಮೌನ ಯೋಚನೆಯ ಹಾಗೆ ಕಾಣುತ್ತದೆ. ಇದಕ್ಕಿಂತ ಒಳ್ಳೆಯದು, ಅವರ ವರ್ಕ್‌ಶಾಪಿನ ಹತ್ತಿರ ಸಂಜೆ ಒಂದು ಟೀ. ಇಬ್ಬರೇ ಇದ್ದರೆ ಮಾತಿನ ಸರದಿಗೆ ಪೈಪೋಟಿ ಇಲ್ಲ. ನಾಲ್ಕು ಜನ ಸೇರಿದರೆ ನಾವು ಬಾಯಿ ತೆರೆಯುವಷ್ಟರಲ್ಲಿ ವಿಷಯವೇ ಬದಲಾಗಿರುತ್ತದೆ.

ಒಂದು ಎಚ್ಚರಿಕೆ. ಬರಹ ನಮಗೆ ಎಷ್ಟು ಹಿತ ಅಂದರೆ, ಅದರೊಳಗೇ ಅಡಗಿ ಕೂರುವ ಆಸೆ ಬರುತ್ತದೆ. ಆರು ತಿಂಗಳು ಮೆಸೇಜ್ ಆಡಿದ ಮೇಲೂ ‘ಒಮ್ಮೆ ಬನ್ನಿ’ ಅಂದವರಿಗೆ ನೆಪ ಹೇಳುತ್ತಿದ್ದರೆ ಬರಹ ದಾರಿ ತಪ್ಪಿದೆ ಅಂತ ಲೆಕ್ಕ. ತಪ್ಪಿಸಿಕೊಂಡಷ್ಟೂ ಮುಂದಿನ ಸಲದ ಹೆದರಿಕೆ ಬೆಳೆಯುತ್ತದೆ. ಇಂಟರ್‌ವ್ಯೂನಲ್ಲಿ ಹೇಗೂ ಮಾತಾಡಲೇಬೇಕು. ಅದಕ್ಕೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಉಗ್ಗಿಗೆ ತರಬೇತಿ ಸಿಗುತ್ತದೆ. ಉಗ್ಗುವವರೇ ಕಟ್ಟಿಕೊಂಡ ಟಿಸಾ ಸಂಘದ ಸ್ವಸಹಾಯ ಗುಂಪುಗಳೂ ಇವೆ. ಅಲ್ಲಿ ಹೆಸರು ಹೇಳುವುದನ್ನೇ ಅಭ್ಯಾಸ ಮಾಡಬಹುದು, ಯಾರೂ ಗಡಿಯಾರ ನೋಡುವುದಿಲ್ಲ. ‘ಇಷ್ಟು ದಿನದಲ್ಲಿ ಪೂರ್ತಿ ಗುಣ, ಗ್ಯಾರಂಟಿ’ ಎನ್ನುವ ಜಾಹೀರಾತಿಗೆ ಮಾತ್ರ ದುಡ್ಡು ಸುರಿಯಬೇಡಿ. ನಾನು ಸುರಿದಿದ್ದೇನೆ.

ಈಗ ಪರ್ಸಿನಿಂದ ಆ ಕಾರ್ಡ್ ತೆಗೆಯಿರಿ. ಮೇಳದ ಗಲಾಟೆಯಲ್ಲಿ ನೂರಾರು ಮುಖ ನೋಡಿದ ಅವರಿಗೆ, ಹೆಸರು ಹೇಳಲಾಗದೆ ನಿಂತಿದ್ದ ಹುಡುಗ ಮರೆತಿರಲಿಕ್ಕಿಲ್ಲ. ಅವನು ಯಾರು ಅಂತ ಇವತ್ತು ಸಂಜೆ ಬರೆದು ತಿಳಿಸಿ.